ಬಿ.ಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೀರಾ? ದಿನಕ್ಕೆ ಎಂಟೇ ಅರ್ಜಿ ಹಾಕಿ, ಎಂಟನ್ನೂ ಬೆನ್ನು ಹತ್ತಿ

ನನ್ನ ಅಕ್ಕನ ಮಗ ಚಿತ್ರದುರ್ಗದಲ್ಲಿ ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದ. ವಿಜಯನಗರದಲ್ಲಿ ಒಂದು ಪಿ.ಜಿ. ಹಿಡಿದು ಕೆಲಸ ಹುಡುಕಲು ಕೂತ. ಎರಡು ತಿಂಗಳಾದ ಮೇಲೆ ಒಂದು ಶನಿವಾರ ಮನೆಗೆ ಊಟಕ್ಕೆ ಬಂದವನು, "ಮಾಮ, ದಿನಕ್ಕೆ ನಲವತ್ತು ಕಡೆ ಅಪ್ಲೈ ಮಾಡ್ತಿದೀನಿ, ಒಬ್ರೂ ಕರೀತಿಲ್ಲ" ಅಂದ. ಅನ್ನಕ್ಕೆ ಸಾರು ಹಾಕಿಕೊಳ್ಳುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. 080ರಿಂದ ಶುರುವಾಗುವ ನಂಬರು. ಎತ್ತಿದ. "ಹಲೋ, ಯಾರು? ಯಾವ ಕಂಪನಿ? ನಾನು ಅಪ್ಲೈ ಮಾಡಿದ್ನಾ? ಯಾವ ಪೋಸ್ಟಿಗೆ?" ಆ ಕಡೆಯವರು ಹೆಸರು ಇನ್ನೊಂದು ಸಲ ಹೇಳಿದರು. ಇವನಿಗೆ ನೆನಪಾಗಲಿಲ್ಲ. "ಸರಿ, ಮೇಲ್ ಮಾಡ್ತೀವಿ" ಎಂದು ಫೋನ್ ಇಟ್ಟರು. ಆ ಮೇಲ್ ಬರಲೇ ಇಲ್ಲ.

ಅಂದರೆ ಅವನನ್ನು ಕರೆಯುತ್ತಿದ್ದರು. ಕರೆದಾಗ ಇವನು ಸಿದ್ಧವಾಗಿರಲಿಲ್ಲ, ಅಷ್ಟೇ. ನಾನು ಹನ್ನೆರಡು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ, ಹೊಸಬರ ಸಂದರ್ಶನಕ್ಕೆ ಮೇಜಿನ ಈಚೆ ಕೂರುತ್ತೇನೆ. ಅರ್ಜಿ ಹಾಕುವುದರಲ್ಲಿ ಯಾರೂ ಸೋಲುವುದಿಲ್ಲ. ಹಾಕಿದ ಮೇಲೆ ಏನು ಮಾಡಬೇಕು ಅನ್ನುವಲ್ಲಿ ಮುಕ್ಕಾಲು ಜನ ಎಡವುತ್ತಾರೆ. ಅಂದು ಸಂಜೆ ಅವನ ಜೊತೆ ಕೂತು ಮಾಡಿಕೊಟ್ಟ ಪ್ಲಾನನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರೆಸ್ಯೂಮೆ: ಅರ್ಧ ದಿನದ ಕೆಲಸ

ಒಂದೇ ಪುಟ, ಒಂದೇ ಕಾಲಮ್, ಫೋಟೋ ಬೇಡ. ಮೇಲ್ಭಾಗದಲ್ಲೇ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಬಗ್ಗೆ ನಿಮಗೆ ನಿಜವಾಗಿ ಏನು ಬರುತ್ತದೋ ಅದನ್ನು ಬರೆಯಿರಿ. ಫೈಲಿಗೆ `Resume_final_new2.pdf` ಅಂತ ಹೆಸರಿಡಬೇಡಿ, `NimmaHesaru_BCom_Accounts.pdf` ಅನ್ನುವ ರೀತಿಯಲ್ಲಿ ಇಡಿ. ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಬರೀ `Resume.pdf` ಅನ್ನುವವೇ ಹತ್ತಾರು ಇರುತ್ತವೆ, ಯಾವುದು ಯಾರದ್ದು ಅಂತ ತೆರೆದು ನೋಡಲು ಪುರುಸೊತ್ತು ಇರುವುದಿಲ್ಲ.

ಎರಡು ಸಾವಿರ, ಮೂರು ಸಾವಿರ ತೆಗೆದುಕೊಂಡು ರೆಸ್ಯೂಮೆ ಬರೆದುಕೊಡುವವರ ಹತ್ತಿರ ಹೋಗಬೇಡಿ. ಅವರು ಬರೆದುಕೊಟ್ಟಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಟ್ಯಾಲಿಗೆ ಐದರಲ್ಲಿ ನಾಲ್ಕು ಸ್ಟಾರು, ಎಕ್ಸೆಲ್‌ಗೆ ಐದರಲ್ಲಿ ಐದು ಸ್ಟಾರು ಹಾಕಿರುತ್ತಾರೆ. ಐದು ಸ್ಟಾರಿನವರಿಗೆ ಪಿವಟ್ ಟೇಬಲ್ ಮಾಡಿ ಅಂದರೆ ಕೈ ನಡುಗುತ್ತದೆ. ಟೆಲಿಗ್ರಾಂನಲ್ಲಿ ಮಾರುವ "ಹತ್ತು ಸಾವಿರ ಎಚ್‌ಆರ್‌ಗಳ ಮೇಲ್ ಐಡಿ" ಪಟ್ಟಿಗೂ ದುಡ್ಡು ಕೊಡಬೇಡಿ. ಅದರಲ್ಲಿರುವವರಲ್ಲಿ ಎಷ್ಟೋ ಜನ ಆ ಕಂಪನಿ ಬಿಟ್ಟು ವರ್ಷಗಳಾಗಿರುತ್ತವೆ.

ಬೆಳಿಗ್ಗೆ ಎಂಟು ಅರ್ಜಿ

ಒಂದು ಅರ್ಜಿಗೆ ಇಪ್ಪತ್ತು ನಿಮಿಷ ಬೇಕು. ಕಂಪನಿ ಏನು ಮಾಡುತ್ತದೆ ಅಂತ ನೋಡಬೇಕು, ಜಾಹೀರಾತು ಪೂರ್ತಿ ಓದಬೇಕು, ಮೇಲ್‌ನಲ್ಲಿ ಎರಡು ಸಾಲು ಅವರಿಗೆಂದೇ ಬರೆಯಬೇಕು. ಒಂಬತ್ತೂವರೆಗೆ ಕೂತರೆ ಹನ್ನೆರಡೂವರೆಗೆ ಎಂಟು ಮುಗಿಯುತ್ತವೆ. ನಲವತ್ತು ಅಂದರೆ ಸುಮ್ನೆ ಗುಂಡಿ ಒತ್ತುವುದು.

ಈ ಎಂಟನ್ನು ನಾನು ಮೂರು, ಮೂರು, ಎರಡು ಅಂತ ಹಂಚುತ್ತೇನೆ. ಮೂರು ನೌಕ್ರಿ, ಲಿಂಕ್ಡ್‌ಇನ್‌ನಂಥ ಪೋರ್ಟಲ್‌ಗಳಲ್ಲಿ. ಅಲ್ಲಿ ಮೂರು ದಿನದೊಳಗೆ ಹಾಕಿದ ಜಾಹೀರಾತುಗಳನ್ನು ಮಾತ್ರ ನೋಡಿ. ಹದಿನೈದು ದಿನ ಹಳೆಯದಕ್ಕೆ ಆಗಲೇ ನೂರಾರು ಅರ್ಜಿ ಬಿದ್ದಿರುತ್ತವೆ. "ಒಂದು ವರ್ಷ ಅನುಭವ" ಎಂದು ಕೇಳಿದ್ದರೂ ಕೆಲಸ ಬಿಲ್ ಎಂಟ್ರಿ, ಬ್ಯಾಂಕ್ ತಾಳೆ ಮಾಡುವುದು ಆಗಿದ್ದರೆ ಹಾಕಿ. ಸಿ.ಎ. ಇಂಟರ್ ಆಗಿರಬೇಕು ಅಂದಿದ್ದರೆ ಬಿಡಿ.

ಮೂರು ನೇರವಾಗಿ ಆಫೀಸುಗಳಿಗೆ. ಮ್ಯಾಪಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದು ಹುಡುಕಿದರೆ ಗಾಂಧಿನಗರ, ರಾಜಾಜಿನಗರ, ಜಯನಗರದಲ್ಲೇ ಸಾಲುಸಾಲು ಆಫೀಸುಗಳು ಸಿಗುತ್ತವೆ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೂ ಬರೆಯಿರಿ. ಇಂಥ ಕಡೆ ಹುಡುಗರು ಬೇಕಾದಾಗ ಪೋರ್ಟಲ್‌ಗೆ ಹಾಕುವುದು ಕಡಿಮೆ. ಇರುವ ಅಕೌಂಟೆಂಟನ್ನೇ "ಯಾರಾದ್ರೂ ಇದ್ರೆ ಹೇಳಪ್ಪಾ" ಅಂತ ಕೇಳುತ್ತಾರೆ. ಆ ಹೊತ್ತಿಗೆ ನಿಮ್ಮ ಮೇಲ್ ಅವರ ಕಣ್ಣಿಗೆ ಬಿದ್ದಿರಬೇಕು.

ಉಳಿದ ಎರಡು ಪರಿಚಯದವರ ಮೂಲಕ. ಇಲ್ಲಿ "ಅಣ್ಣಾ, ಎಲ್ಲಾದ್ರೂ ಒಂದು ಕೆಲಸ ನೋಡಿ" ಅನ್ನಬೇಡಿ. ಅವರು "ನೋಡೋಣಪ್ಪಾ" ಅಂದು ಮರೆಯುತ್ತಾರೆ, ಅವರದ್ದು ತಪ್ಪೇನೂ ಇಲ್ಲ. "ಅಣ್ಣಾ, ನಿಮ್ಮ ಆಫೀಸಲ್ಲಿ ಅಕೌಂಟ್ಸ್ ನೋಡೋರ ಮೇಲ್ ಐಡಿ ಕೊಡ್ತೀರಾ? ನಿಮ್ಮ ಹೆಸರು ಹೇಳಿ ನಾನೇ ಬರೀತೀನಿ" ಅನ್ನಿ. ಇದಕ್ಕೆ ಅವರು ಮಾಡಬೇಕಾದ್ದು ಒಂದೇ ನಿಮಿಷದ ಕೆಲಸ, ಆಗಲೇ ಮಾಡಿಬಿಡುತ್ತಾರೆ.

ಹಾಳೆ

ಅರ್ಜಿ ಹಾಕಿದ ಕೂಡಲೇ ಒಂದು ಸಾಲು ಬರೆಯಿರಿ. ಗೂಗಲ್ ಶೀಟ್ ಸಾಕು, ಅದಕ್ಕೆಂದೇ ಆ್ಯಪ್ ಏನೂ ಬೇಡ. ಎ ಕಾಲಮ್‌ನಲ್ಲಿ ಅರ್ಜಿ ಹಾಕಿದ ದಿನ, ಆಮೇಲೆ ಕಂಪನಿ, ಪೋಸ್ಟು, ಸಿಕ್ಕಿದ ಮೂಲ, ವ್ಯಕ್ತಿಯ ಹೆಸರು ಮತ್ತು ನಂಬರು, ಮುಂದೆ ಕೇಳಬೇಕಾದ ದಿನ, ಕೊನೆಗೆ ಏನಾಯಿತು ಅನ್ನುವುದು. "ಮುಂದೆ ಕೇಳಬೇಕಾದ ದಿನ" ಅನ್ನುವ ಕಾಲಮ್‌ಗೆ ಈ ಸೂತ್ರ ಹಾಕಿ:

```
=WORKDAY(A2,5)
```

ಶನಿವಾರ, ಭಾನುವಾರ ಬಿಟ್ಟು ಐದು ದಿನ ಮುಂದಿನ ತಾರೀಕನ್ನು ಅದೇ ತೋರಿಸುತ್ತದೆ. ತಾರೀಕಿನ ಬದಲು ಐದಂಕಿಯ ಸಂಖ್ಯೆ ಬಂದರೆ ಗಾಬರಿಯಾಗಬೇಡಿ, ಆ ಕಾಲಮ್‌ನ ಫಾರ್ಮ್ಯಾಟನ್ನು ಡೇಟ್ ಎಂದು ಬದಲಿಸಿ.

ಈ ಶೀಟು ಫೋನಿನಲ್ಲೂ ತೆರೆಯುವಂತಿರಲಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ "ನಮಸ್ಕಾರ ಮೇಡಂ, ಒಂದು ಸೆಕೆಂಡ್, ಸ್ವಲ್ಪ ಸದ್ದಿಲ್ಲದ ಕಡೆ ಬರ್ತೀನಿ" ಅಂದು ಶೀಟಿನಲ್ಲಿ ಕಂಪನಿ ಹೆಸರು ಹುಡುಕಿ. ಹತ್ತು ಸೆಕೆಂಡು ಸಾಕು. ಅಕ್ಕನ ಮಗನ ಹತ್ತಿರ ಇದು ಇದ್ದಿದ್ದರೆ ಆ ಶನಿವಾರದ ಫೋನು ಬೇರೆ ಥರ ಮುಗಿಯುತ್ತಿತ್ತು. ಕೆಲಸ ಹುಡುಕುವಷ್ಟು ದಿನ ಸ್ಪ್ಯಾಮ್ ಕರೆಗಳನ್ನು ತಾನಾಗಿ ಕತ್ತರಿಸುವ ಸೆಟ್ಟಿಂಗನ್ನೂ ತೆಗೆದಿಡಿ. ಆಫೀಸಿನ ಲ್ಯಾಂಡ್‌ಲೈನ್ ಎಷ್ಟೋ ಸಲ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಬೆನ್ನು ಹತ್ತುವುದು: ಎಲ್ಲರೂ ಕೆಡಿಸುವ ಜಾಗ

ಇಲ್ಲಿ ಎರಡು ಥರದವರಿದ್ದಾರೆ. ಒಬ್ಬರು ಕೇಳುವುದೇ ಇಲ್ಲ, ನಾಚಿಕೆ. ಇನ್ನೊಬ್ಬರು ದಿನಾ ಬೆಳಿಗ್ಗೆ ವಾಟ್ಸಾಪಿಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿ, ಸಂಜೆ "ಸರ್ ಎನಿ ಅಪ್ಡೇಟ್" ಅಂತಾರೆ. ಇಬ್ಬರಿಗೂ ಕೆಲಸ ಸಿಗುವುದು ಕಷ್ಟ.

ಲೆಕ್ಕ ಸರಳ. ಒಂದು ಅರ್ಜಿಗೆ ಎರಡೇ ಸಲ ಕೇಳಬೇಕು. ಮೊದಲನೆಯದು ಐದನೇ ಕೆಲಸದ ದಿನ, ಮೇಲ್‌ನಲ್ಲಿ. ಎರಡನೆಯದು ಅದಾದ ಐದು ದಿನಕ್ಕೆ, ಫೋನಿನಲ್ಲಿ. ಆಮೇಲೆ ಆ ಸಾಲನ್ನು ಮುಚ್ಚಿ.

ಮೊದಲ ಮೇಲ್ ಹೊಸದಾಗಿ ಬರೆಯಬೇಡಿ. ನೀವು ಕಳಿಸಿದ ಹಳೆಯ ಮೇಲನ್ನೇ ಸೆಂಟ್ ಫೋಲ್ಡರಿನಲ್ಲಿ ತೆರೆದು ಅದಕ್ಕೆ ರಿಪ್ಲೈ ಮಾಡಿ. ಆಗ ನಿಮ್ಮ ಹಳೆಯ ಮಾತು ಅದರ ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ. ಆದರೆ ರಿಪ್ಲೈಯಲ್ಲಿ ಹಳೆಯ ಫೈಲು ತಾನಾಗಿ ಹೋಗುವುದಿಲ್ಲ, ರೆಸ್ಯೂಮೆಯನ್ನು ಮತ್ತೆ ಲಗತ್ತಿಸಿ. ಇದನ್ನು ಮರೆಯುವವರೇ ಜಾಸ್ತಿ. ಮೂರು ಸಾಲು ಸಾಕು. ಯಾವ ದಿನ ಯಾವ ಪೋಸ್ಟಿಗೆ ಬರೆದಿದ್ದೆ ಅನ್ನುವುದು ಒಂದು ಸಾಲು. ಈ ವಾರದಲ್ಲಿ ನೀವು ಕಲಿತದ್ದೋ ಮಾಡಿದ್ದೋ ಒಂದು ಸಾಲು, ಉದಾಹರಣೆಗೆ ಒಂದು ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ಟ್ಯಾಲಿಯಲ್ಲಿ ಹಾಕಿ ನೋಡಿದೆ ಅಂತ. ಯಾವ ದಿನ ಬೇಕಾದರೂ ಬಂದು ಟ್ಯಾಲಿ ಟೆಸ್ಟ್ ಕೊಡಬಲ್ಲೆ ಅನ್ನುವುದು ಕೊನೆಯ ಸಾಲು. ಈ ಕೊನೆಯ ಸಾಲು ನನಗೆ ತುಂಬಾ ಇಷ್ಟ, ಯಾಕೆಂದರೆ ಅದಕ್ಕೆ "ಬುಧವಾರ ಬಾ" ಅಂತ ಉತ್ತರಿಸುವುದು ಸುಲಭ.

ಈಗ ಫೋನು. ಯಾವ ದಿನ ಮಾಡುತ್ತೀರಿ ಅನ್ನುವುದು ಅಕೌಂಟ್ಸ್ ಕೆಲಸಕ್ಕೆ ಬಹಳ ಮುಖ್ಯ. ಈ ಆಫೀಸುಗಳ ತಿಂಗಳು ಬೇರೆ ಥರ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. 19ರ ಸಂಜೆ ಆಡಿಟರ್ ಆಫೀಸಿಗೆ ಫೋನ್ ಮಾಡಿ "ನನ್ನ ಅರ್ಜಿ ಏನಾಯ್ತು" ಅಂದರೆ ಏನು ಉತ್ತರ ಬರುತ್ತದೆ ಅಂತ ನನ್ನನ್ನು ಕೇಳಬೇಡಿ. ಪೋರ್ಟಲ್ ನಿಧಾನವಾಗಿರುತ್ತದೆ, ಒಬ್ಬ ಪಾರ್ಟಿ ಬಿಲ್ ಕೊಟ್ಟಿರುವುದಿಲ್ಲ, ಟೀ ಆರಿಹೋಗಿರುತ್ತದೆ. ಅದೇ ಫೋನನ್ನು 21ರಿಂದ 27ರ ನಡುವೆ ಮಾಡಿ. ಅದೇ ಮನುಷ್ಯರು ಐದು ನಿಮಿಷ ಸಮಾಧಾನವಾಗಿ ಮಾತಾಡುತ್ತಾರೆ. ಶೀಟು 20ನೇ ತಾರೀಕು ತೋರಿಸಿದರೆ ನೀವೇ ಅದನ್ನು 21ಕ್ಕೆ ತಳ್ಳಿ. ಸೆಪ್ಟೆಂಬರ್ ಕೊನೆಯಲ್ಲಿ ಆಡಿಟರ್ ಆಫೀಸಿನ ತಂಟೆಗೇ ಹೋಗಬೇಡಿ, ಟ್ಯಾಕ್ಸ್ ಆಡಿಟ್ ಗಡಿಬಿಡಿ ಇರುತ್ತದೆ. ಆ ಗಡಿಬಿಡಿ ಶುರುವಾಗುವ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗೆ, ಅವರಿಗೆ ಕೈಗಳು ಬೇಕಿರುತ್ತವೆ.

ಹೊತ್ತು ಬೆಳಿಗ್ಗೆ ಹನ್ನೊಂದೂವರೆ, ಇಲ್ಲವೇ ಮಧ್ಯಾಹ್ನ ನಾಲ್ಕು. ಬಸ್ ಸ್ಟಾಪಿನಲ್ಲಿ ನಿಂತು ಮಾಡಬೇಡಿ. ಅಪ್ಪನ ಕೈಲಿ ಮಾಡಿಸಬೇಡಿ, ಅಪ್ಪ ಎಷ್ಟೇ ದೊಡ್ಡ ಕೆಲಸದಲ್ಲಿದ್ದರೂ ಸರಿ. ಮಾತು ಹೀಗಿರಲಿ: "ನಮಸ್ಕಾರ ಸರ್, ನಾನು ಚಿತ್ರದುರ್ಗದವನು, ಬಿ.ಕಾಂ ಆಗಿದೆ. ಹತ್ತು ದಿನದ ಹಿಂದೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಮೇಲ್ ಮಾಡಿದ್ದೆ. ಎರಡು ನಿಮಿಷ ಮಾತಾಡಬಹುದಾ?" ಅಲ್ಲಿ ನಿಲ್ಲಿಸಿ. ಅವರು ಹೂಂ ಅನ್ನುವ ತನಕ ಮುಂದೆ ಹೋಗಬೇಡಿ.

ಉತ್ತರ ಹೆಚ್ಚುಕಮ್ಮಿ ಮೂರು ಥರ ಬರುತ್ತದೆ. "ಆ ಕೆಲಸ ತುಂಬಿಬಿಟ್ಟಿದೆ" ಅಂದರೆ, "ಸರಿ ಸರ್. ನಿಮಗೆ ಗೊತ್ತಿರೋ ಬೇರೆ ಆಫೀಸಲ್ಲಿ ಯಾರಾದ್ರೂ ಹುಡುಕ್ತಿದಾರಾ?" ಅನ್ನಿ. ಆಡಿಟರ್‌ಗಳಿಗೆ ತಮ್ಮ ಹತ್ತಾರು ಪಾರ್ಟಿಗಳ ಮನೆ ಕಥೆಯೆಲ್ಲಾ ಗೊತ್ತಿರುತ್ತದೆ. ಯಾರ ಅಕೌಂಟೆಂಟ್ ಬಿಟ್ಟುಹೋದ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೇ. "ಮೇಲ್ ನೋಡಿಲ್ಲಪ್ಪಾ" ಅಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಉತ್ತರ. "ಈಗಲೇ ಇನ್ನೊಂದು ಸಲ ಕಳಿಸ್ತೀನಿ ಸರ್, ಯಾವ ಐಡಿಗೆ ಕಳಿಸಲಿ?" ಅಂದು ಐದು ನಿಮಿಷದೊಳಗೆ ಕಳಿಸಿ. "ಎಷ್ಟು ಸಂಬಳ ಬೇಕು?" ಅಂದರೆ ಒಂದು ಅಂಕಿ ಮೊದಲೇ ಗೊತ್ತಿರಬೇಕು. ಪಿ.ಜಿ. ಬಾಡಿಗೆ, ಬಸ್ ಪಾಸು, ಊಟ ಕೂಡಿಸಿ ನಿಮ್ಮ ತಿಂಗಳ ಖರ್ಚು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ಮೂರನೇ ತಿಂಗಳು ನೀವೇ ಬಿಡುತ್ತೀರಿ.

ದಿನಾ ಸಂಜೆ ನಾಲ್ಕರಿಂದ ಮುಕ್ಕಾಲು ಗಂಟೆ ಈ ಕೆಲಸಕ್ಕೆ ಇಡಿ. ಎರಡನೇ ವಾರದಿಂದ ದಿನಕ್ಕೆ ಎಂಟು ಮೇಲ್, ಮೂರನೇ ವಾರದಿಂದ ಅದರ ಜೊತೆಗೆ ಐದಾರು ಫೋನು ಬರುತ್ತವೆ. ನಲವತ್ತು ಹಾಕಿದವನಿಗೆ ಇದು ಯಾಕೆ ಸಾಧ್ಯವಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಸಂದರ್ಶನಕ್ಕೆ ತಯಾರಿ: ಕರೆ ಬರುವ ಮೊದಲೇ

ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಇದಕ್ಕೆ. ಕರೆ ಬಂದ ಮೇಲೆ ಓದುತ್ತೇನೆ ಅಂದರೆ ಆಗುವುದಿಲ್ಲ, ಸಣ್ಣ ಆಫೀಸುಗಳು "ನಾಳೆ ಹನ್ನೊಂದಕ್ಕೆ ಬಾ" ಅನ್ನುತ್ತವೆ.

ನಾನು ಹೊಸಬರಿಗೆ ಕಾಲೇಜಿನ ಥಿಯರಿ ಕೇಳುವುದಿಲ್ಲ. ಒಂದು ಬಿಲ್ ಮುಂದಿಡುತ್ತೇನೆ. ಹುಬ್ಬಳ್ಳಿಯ ಪಾರ್ಟಿಯಿಂದ 50,000 ರೂಪಾಯಿ ಮಾಲು, ಶೇ 18 ಜಿಎಸ್‌ಟಿ, ಸಾಲದಲ್ಲಿ ಖರೀದಿ. ಎಂಟ್ರಿ ಹೇಳಿ ಅನ್ನುತ್ತೇನೆ. ಬಹಳ ಜನ "ಪರ್ಚೇಸ್ ಡೆಬಿಟ್ 59,000" ಎನ್ನುತ್ತಾರೆ, ಅಲ್ಲೇ ತಪ್ಪು. ನಾವೂ ಹುಬ್ಬಳ್ಳಿಯೂ ಒಂದೇ ರಾಜ್ಯ. ಹಾಗಾಗಿ ಪರ್ಚೇಸ್ 50,000, ಇನ್‌ಪುಟ್ ಸಿಜಿಎಸ್‌ಟಿ 4,500, ಇನ್‌ಪುಟ್ ಎಸ್‌ಜಿಎಸ್‌ಟಿ 4,500 ಡೆಬಿಟ್. ಪಾರ್ಟಿಗೆ 59,000 ಕ್ರೆಡಿಟ್. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ಇದೇ ಮಾಲು ಹೊಸೂರಿನಿಂದ ಬಂದಿದ್ದರೆ? ಹೊಸೂರು ಬೆಂಗಳೂರಿಗೆ ಹುಬ್ಬಳ್ಳಿಗಿಂತ ಎಷ್ಟೋ ಹತ್ತಿರ, ಆದರೆ ತಮಿಳುನಾಡು. ಆಗ ಐಜಿಎಸ್‌ಟಿ 9,000. ಇಷ್ಟನ್ನು ತಡವರಿಸದೆ ಹೇಳಿದವರನ್ನು ನಾನು ಕಂಪ್ಯೂಟರ್ ಮುಂದೆ ಕೂರಿಸುತ್ತೇನೆ.

ಬ್ಯಾಂಕ್ ತಾಳೆಯದೂ ಒಂದು ಲೆಕ್ಕ ಬಾಯಲ್ಲಿರಲಿ. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಬಾಕಿ 80,000. ಕೊಟ್ಟ ಒಂದು 12,000ದ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಬ್ಯಾಂಕ್ 590 ಚಾರ್ಜು ಹಿಡಿದಿದೆ, ನಾವು ಬರೆದಿಲ್ಲ. ಪಾಸ್‌ಬುಕ್ಕಿನಲ್ಲಿ ಎಷ್ಟಿರುತ್ತದೆ? ಚೆಕ್ಕಿನ ದುಡ್ಡು ಇನ್ನೂ ಅಲ್ಲೇ ಇದೆ, ಆದ್ದರಿಂದ ಕೂಡಿಸಿ. ಚಾರ್ಜು ಹೋಗಿದೆ, ಕಳೆಯಿರಿ. 91,410. ಹೀಗೆ ದಿನಕ್ಕೆ ಐದು ಲೆಕ್ಕ ಜೋರಾಗಿ ಹೇಳಿಕೊಂಡು ಮಾಡಿ. ಮನಸ್ಸಿನಲ್ಲೇ ಮಾಡಿದರೆ ಅಲ್ಲಿ ಹೋದಾಗ ಬಾಯಿ ಬರುವುದಿಲ್ಲ.

ಟ್ಯಾಲಿ ಟೆಸ್ಟಿನಲ್ಲಿ ಮೌಸ್ ಹುಡುಕುವವರನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. F4 ಕಾಂಟ್ರಾ, F5 ಪೇಮೆಂಟ್, F6 ರಿಸೀಟ್, F7 ಜರ್ನಲ್, F8 ಸೇಲ್ಸ್, F9 ಪರ್ಚೇಸ್ ಬೆರಳಿಗೆ ಅಂಟಿರಬೇಕು. ಇದಕ್ಕೆ ಕ್ಲಾಸಿಗೆ ದುಡ್ಡು ಕೊಡಬೇಕಿಲ್ಲ. ಟ್ಯಾಲಿಪ್ರೈಮ್ ಇಳಿಸಿಕೊಂಡು ಎಜುಕೇಶನಲ್ ಮೋಡ್‌ನಲ್ಲಿ ಉಚಿತವಾಗಿ ಅಭ್ಯಾಸ ಮಾಡಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ತೆಗೆದುಕೊಳ್ಳುತ್ತದೆ. ಹಾಗಾಗಿ ಅದರಲ್ಲೇ ಕಲಿತವರು F2 ಒತ್ತಿ ತಾರೀಕು ಬದಲಿಸುವುದನ್ನೇ ಮರೆತು ಎಲ್ಲ ಬಿಲ್ಲನ್ನೂ 1ನೇ ತಾರೀಕಿಗೆ ಹಾಕುತ್ತಾರೆ. ಟೆಸ್ಟಿನಲ್ಲಿ ಬಿಲ್ಲಿನ ತಾರೀಕು ನೋಡಿ, F2 ಒತ್ತಿ, ಆಮೇಲೆ ಮುಂದಕ್ಕೆ ಹೋಗಿ.

ಎಕ್ಸೆಲ್‌ನಲ್ಲಿ ಒಂದೇ ಕಸರತ್ತು ಹೇಳುತ್ತೇನೆ. ಇಪ್ಪತ್ತು ಬಿಲ್ಲುಗಳ ಒಂದು ಪಟ್ಟಿ ಮಾಡಿ. ಪಕ್ಕದ ಶೀಟಿನಲ್ಲಿ ಅದರ ನಕಲು ಹಾಕಿ, ಎರಡು ಬಿಲ್ ಅಳಿಸಿ, ಒಂದರ ಮೊತ್ತ ಬದಲಿಸಿ. ಈಗ VLOOKUP ಹಾಕಿ ವ್ಯತ್ಯಾಸ ಹುಡುಕಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ ಬಂದ ಮೇಲೆ ಹೊಸಬರಿಗೆ ಕೊಡುವ ಕೆಲಸವೇ ಇದು, ನಮ್ಮ ಖರೀದಿ ಪಟ್ಟಿಗೂ ಅದಕ್ಕೂ ತಾಳೆ ನೋಡುವುದು.

ಸಂದರ್ಶನ ಮುಗಿದು ಏಳುವ ಮೊದಲು "ಸರ್, ಯಾವತ್ತಿನೊಳಗೆ ಗೊತ್ತಾಗಬಹುದು?" ಅಂತ ಕೇಳಿ, ಆ ತಾರೀಕನ್ನು ಶೀಟಿಗೆ ಹಾಕಿ. ಅಂದು ಸಂಜೆಯೇ ಎರಡು ಸಾಲಿನ ಮೇಲ್ ಕಳಿಸಿ. ಅಲ್ಲಿ ಉತ್ತರ ಗೊತ್ತಾಗದ ಪ್ರಶ್ನೆ ಯಾವುದಾದರೂ ಇದ್ದರೆ, ಮನೆಗೆ ಬಂದು ಹುಡುಕಿದೆ, ಉತ್ತರ ಇದು ಅಂತ ಬರೆಯಿರಿ. ಹೀಗೆ ಬರೆದ ಒಬ್ಬ ಹುಡುಗಿಯನ್ನು ನಾವು ಆ ಮೇಲ್ ನೋಡಿಯೇ ತೆಗೆದುಕೊಂಡೆವು. ಟೆಸ್ಟಿನಲ್ಲಿ ಅವಳು ಎರಡನೆಯವಳಾಗಿದ್ದಳು. ಅವರು ಹೇಳಿದ ತಾರೀಕು ದಾಟಿದ ಮರುದಿನ ಒಂದು ಫೋನ್ ಮಾಡಿ, ಅದಕ್ಕಿಂತ ಮೊದಲು ಬೇಡ.

ದುಡ್ಡು ಕೇಳಿದರೆ

ರಿಜಿಸ್ಟ್ರೇಶನ್ನು, ಟ್ರೈನಿಂಗ್ ಡೆಪಾಸಿಟ್ಟು, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜು, ಹೆಸರು ಏನೇ ಇರಲಿ, ಕೆಲಸ ಕೊಡಲು ದುಡ್ಡು ಕೇಳಿದರೆ ಅಲ್ಲಿಗೆ ಮುಗಿಸಿ. ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಒರಿಜಿನಲ್ ಅಂಕಪಟ್ಟಿ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ನಕಲು ಕೊಟ್ಟು, ವಾಪಸ್ ತನ್ನಿ.

ಅಕ್ಕನ ಮಗ ಈ ಪ್ಲಾನ್ ಹಿಡಿದು ನಾಲ್ಕು ವಾರ ನಡೆದ. ನೂರಾ ಐವತ್ತರಷ್ಟು ಅರ್ಜಿ, ಏಳು ಸಂದರ್ಶನ, ಎರಡು ಕಡೆಯಿಂದ ಆಫರು. ಅವನು ಸೇರಿದ್ದು ರಾಜಾಜಿನಗರದ ಒಂದು ಆಡಿಟರ್ ಆಫೀಸು. ಅದು ಜಾಹೀರಾತು ನೋಡಿ ಹಾಕಿದ್ದೂ ಅಲ್ಲ. 22ನೇ ತಾರೀಕು ಫೋನ್ ಮಾಡಿದಾಗ ಬೇರೆ ಆಡಿಟರ್ ಒಬ್ಬರು "ನಮ್ಮಲ್ಲಿ ಇಲ್ಲಪ್ಪಾ, ಅಲ್ಲಿ ಕೇಳು" ಅಂದಿದ್ದ ಕಡೆ. ಸೇರಿದ ದಿನವೇ ಅವನು ಇನ್ನೊಂದು ಆಫರ್ ಕೊಟ್ಟವರಿಗೂ, ಉತ್ತರ ಕಾಯುತ್ತಿದ್ದ ಮೂರು ಆಫೀಸಿಗೂ "ಬೇರೆ ಕಡೆ ಸೇರಿದ್ದೇನೆ, ಸಮಯ ಕೊಟ್ಟಿದ್ದಕ್ಕೆ ಧನ್ಯವಾದ" ಎಂದು ಮೇಲ್ ಕಳಿಸಿದ. ನೀವೂ ಕಳಿಸಿ. ಒಂದು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕುವಾಗ ಶೀಟಿನಲ್ಲಿ ಮೊದಲು ತೆರೆಯುವ ಸಾಲುಗಳು ಇವೇ.